ಎರಡು ಫ್ರೇಮ್‌ಗಳ ನಡುವೆ ಹುಟ್ಟುವ ಮೂರನೆಯದು

ಸೆಕೆಂಡಿಗೆ 15 ಫ್ರೇಮ್ ಮಾತ್ರ ಇರುವ ಹಳೆಯ ಮೊಬೈಲ್ ವಿಡಿಯೊದಲ್ಲಿ ಸೈಕಲ್ ಸವಾರನೊಬ್ಬ ಗೋಡೆಯ ಮುಂದೆ ಹಾದುಹೋಗುತ್ತಿದ್ದಾನೆ ಎನ್ನೋಣ. ಅವನು ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ 20 ಪಿಕ್ಸೆಲ್ ಜಿಗಿಯುವುದರಿಂದ ಚಲನೆ ತಡೆತಡೆದು ಕಾಣುತ್ತದೆ. ಎರಡೂ ಫ್ರೇಮ್‌ಗಳನ್ನು ಸುಮ್ಮನೆ ಬೆರೆಸಿದರೆ ಅರೆಪಾರದರ್ಶಕವಾದ ಇಬ್ಬರು ಸವಾರರು ಮೂಡುತ್ತಾರೆ. ಅದಕ್ಕೇ ಚಲನೆಯ ಲೆಕ್ಕ ಬೇಕು.

ಎಫ್‌ಎಫ್‌ಎಂಪೆಗ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಕೆಲಸಕ್ಕೆ ಈ ಆದೇಶವಿದೆ:

```
ffmpeg -i in.mp4 -vf "minterpolate=fps=30:mi_mode=mci" out.mp4
```

ಇದು ಚಿತ್ರವನ್ನು ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕವೂ ಮುಂದಿನ ಫ್ರೇಮ್‌ನಲ್ಲಿ ಎಲ್ಲಿಗೆ ಸರಿದಿದೆ ಎಂದು ಹುಡುಕುತ್ತದೆ. ಬಳಿಕ ಸವಾರನನ್ನು ಅರ್ಧದಾರಿಯಲ್ಲಿ, ಅಂದರೆ 10 ಪಿಕ್ಸೆಲ್ ದೂರದಲ್ಲಿ ಇಟ್ಟು ಹೊಸ ಫ್ರೇಮ್ ರಚಿಸುತ್ತದೆ.

ತೊಡಕು ಬರುವುದು ಅವನ ಬೆನ್ನ ಹಿಂದೆ. ಅವನು ಮುಂದೆ ಸರಿದಾಗ ತೆರೆದುಕೊಳ್ಳುವ ಗೋಡೆಯ ಭಾಗ ಮೊದಲ ಫ್ರೇಮ್‌ನಲ್ಲಿ ಇರಲೇ ಇಲ್ಲ. ಜೋಡಿ ಸಿಗದ ಆ ಚೌಕಕ್ಕೆ ತಪ್ಪು ಜೋಡಿ ಅಂಟಿ, ಅಂಗಿಯ ಅಂಚಿನಲ್ಲಿ ಮಸುಕು ನೆರಳು ಎಳೆದುಕೊಳ್ಳುತ್ತದೆ. ಇದೇ ಘೋಸ್ಟಿಂಗ್. ಒಂದೇ ತೆರನಾಗಿ ಕಾಣುವ ಚಕ್ರದ ಕಡ್ಡಿಗಳಲ್ಲೂ ಲೆಕ್ಕ ತಪ್ಪುತ್ತದೆ.

ಪತ್ತೆಹಚ್ಚಲು ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿ. ನೆರಳು ಒಂದು ಬಿಟ್ಟು ಒಂದರಲ್ಲಿ ಬಂದರೆ ಅದು ಹೊಸ ಫ್ರೇಮ್‌ನ ದೋಷ. ಎಲ್ಲದರಲ್ಲೂ ಇದ್ದರೆ ಮೂಲದ್ದೇ. 15ರಿಂದ ನೇರ 60ಕ್ಕೆ ಏರಿಸಿದರೆ ನಾಲ್ಕರಲ್ಲಿ ಮೂರು ಫ್ರೇಮ್ ಊಹೆಯವು, ಹಾಗಾಗಿ ನೆರಳು ಹೆಚ್ಚು ಹೊತ್ತು ಕಣ್ಣಿಗೆ ಬೀಳುತ್ತದೆ. ಇಂಥ ವಿಡಿಯೊಗೆ 30 ಸಾಕು. ನೆರಳು ಬಿದ್ದ ತುಣುಕುಗಳನ್ನು ಮೂಲದಂತೆಯೇ ಉಳಿಸಿಕೊಳ್ಳುವುದು ಲೇಸು.