ಸಿಸಿಟಿವಿ ವಿಡಿಯೊ ತಿದ್ದಿಲ್ಲ ಅಂತ ಕೋರ್ಟಿಗೆ ತೋರಿಸೋದು ಹೇಗೆ? ಏನಿದು ‘ಹ್ಯಾಶ್ ವ್ಯಾಲ್ಯೂ’

ಅಂಗಡಿಯಲ್ಲಿ ಕಳ್ಳತನ ಆಯ್ತು ಅಂದ್ಕೊಳ್ಳಿ. ಸಿಸಿಟಿವಿ ವಿಡಿಯೊವನ್ನು ಪೆನ್‌ಡ್ರೈವ್‌ಗೆ ಹಾಕಿ ಪೊಲೀಸರಿಗೆ ಕೊಟ್ಟಿರಿ. ವರ್ಷದ ಮೇಲೆ ಆರೋಪಿ ಪರ ವಕೀಲರು ‘ಈ ವಿಡಿಯೊ ತಿದ್ದಿದ್ದಾರೆ’ ಅಂದರೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಇಂಥ ಸಾಕ್ಷ್ಯದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಫೈಲ್‌ನ ಹ್ಯಾಶ್ ವ್ಯಾಲ್ಯೂ ಬರೆಯಬೇಕು. ಇದು ಫೈಲ್‌ನ ಬೆರಳಚ್ಚು ಇದ್ದ ಹಾಗೆ.

ಲೆಕ್ಕ ನಡೆಯೋದು ಹೀಗೆ

ವಿಡಿಯೊ, ಫೋಟೊ, ಪತ್ರ ಯಾವುದೇ ಇರಲಿ, ಕಂಪ್ಯೂಟರಿಗೆ ಅದು ಬರೀ ಅಂಕಿಗಳ ಸಾಲು. ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನ ಆ ಸಾಲನ್ನು 64 ಬೈಟ್‌ಗಳ ತುಂಡು ಮಾಡುತ್ತದೆ. ಮೊದಲೇ ಗೊತ್ತುಮಾಡಿದ ಎಂಟು ಸಂಖ್ಯೆಗಳಿಂದ ಲೆಕ್ಕ ಶುರು. ಮೊದಲ ತುಂಡನ್ನು ಅವುಗಳ ಜೊತೆ 64 ಸುತ್ತು ಕಲಸುತ್ತದೆ. ಬಂದ ಉತ್ತರದ ಜೊತೆ ಎರಡನೇ ತುಂಡು, ಹೀಗೆ ಕೊನೆವರೆಗೂ. ಕಡೆಗೆ ಉಳಿಯುವ ಎಂಟು ಸಂಖ್ಯೆಗಳನ್ನು 64 ಅಕ್ಷರಗಳಲ್ಲಿ ಬರೆದರೆ ಅದೇ ಹ್ಯಾಶ್. ಫೈಲ್ ಎಷ್ಟೇ ದೊಡ್ಡದಿರಲಿ, ಉತ್ತರ 64 ಅಕ್ಷರ ಮಾತ್ರ.

ಈ ಲೆಕ್ಕದಲ್ಲಿ ದಿನಾಂಕ, ಫೈಲ್ ಹೆಸರು, ಕಂಪ್ಯೂಟರ್ ಯಾವುದು ಅನ್ನೋದು ಸೇರಲ್ಲ. ಅದೃಷ್ಟದ ಆಟವೂ ಇಲ್ಲ. ಹಾಗಾಗಿ ಅದೇ ಫೈಲ್ ಕೊಟ್ಟರೆ ಠಾಣೆಯಲ್ಲೂ ಕೋರ್ಟಲ್ಲೂ ಅದೇ ಉತ್ತರ. ಆದರೆ ಒಳಗಿನ ಒಂದೇ ಅಕ್ಷರ ಬದಲಾದರೂ ಆ ಬದಲಾವಣೆ ಮುಂದಿನ ಎಲ್ಲ ಸುತ್ತಿಗೂ ಹರಡುತ್ತದೆ. ಮೊದಲ ಅಕ್ಷರ ಮಾತ್ರ ಬೇರೆ ಇರುವ ಎರಡು ಪದಗಳ ಹ್ಯಾಶ್ ನೋಡಿ:

```
hello
2cf24dba5fb0a30e26e83b2ac5b9e29e1b161e5c1fa7425e73043362938b9824
Hello
185f8db32271fe25f561a6fc938b2e264306ec304eda518007d1764826381969
```

ನೀವೇ ತೆಗೆಯಬಹುದು

ವಿಂಡೋಸ್‌ನಲ್ಲಿ ಫೈಲ್ ಇರುವ ಫೋಲ್ಡರ್‌ನಿಂದ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಟೈಪ್ ಮಾಡಿ:

```
certutil -hashfile video.mp4 SHA256
```

ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೂ, ಹೆಸರು ಬದಲಿಸಿದರೂ ಹ್ಯಾಶ್ ಅದೇ ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊ ಥರ ಕಳಿಸಿದರೆ ಮಾತ್ರ ಕೆಡುತ್ತೆ. ವಾಟ್ಸ್ಆ್ಯಪ್ ವಿಡಿಯೊವನ್ನು ಕುಗ್ಗಿಸುತ್ತದೆ. ಕಣ್ಣಿಗೆ ಒಂದೇ ಥರ ಕಂಡರೂ ಒಳಗಿನ ಅಂಕಿಗಳು ಬೇರೆ, ಹ್ಯಾಶ್ ಕೂಡ ಬೇರೆ. ಅದಕ್ಕೇ ಮೂಲ ಫೈಲನ್ನೇ ಕಾಪಿ ಮಾಡಿ ಕೊಡಿ, ಹ್ಯಾಶ್ ಆಗಲೇ ಬರೆದಿಡಿ.

ಇದಕ್ಕೂ ಮಿತಿ ಇದೆ

ಹ್ಯಾಶ್ ತೆಗೆಯೋ ಮೊದಲೇ ಯಾರಾದರೂ ವಿಡಿಯೊ ತಿದ್ದಿದ್ದರೆ ಇದರಿಂದ ಗೊತ್ತಾಗಲ್ಲ. ಆಮೇಲೆ ಬದಲಾಗಿದೆಯಾ ಅನ್ನೋದಷ್ಟೇ ಇದು ಹೇಳುತ್ತೆ.

ಪ್ರಮಾಣಪತ್ರದ ನಮೂನೆಯಲ್ಲಿ ಎಂಡಿ5, ಎಸ್‌ಎಚ್‌ಎ-1 ಎಂಬ ಹಳೆಯ ವಿಧಾನಗಳೂ ಇವೆ. ಒಂದೇ ಎಸ್‌ಎಚ್‌ಎ-1 ಹ್ಯಾಶ್ ಬರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಮಾಡಿ ತೋರಿಸಿದ್ದಾರೆ. ಎಂಡಿ5 ಅದಕ್ಕೂ ಮೊದಲೇ ಮುರಿದಿತ್ತು. ಎಸ್‌ಎಚ್‌ಎ-256ರಲ್ಲಿ ಅಂಥ ಜೋಡಿ ಇದುವರೆಗೆ ಸಿಕ್ಕಿಲ್ಲ. ನಮೂನೆ ತುಂಬುವಾಗ ಅದನ್ನೇ ಆರಿಸಿ.