ಹೆಸರು ಹೊತ್ತ ಕೈಕಾರ್ಡು: ಆರ್ಡರ್ ಕೊಡುವ ಕೊನೆಯ ದಿನ ಯಾವುದು?

ಹೆಸರು, ಸಂದರ್ಭ, ಇಷ್ಟದ ಬಣ್ಣ ಕೇಳಿಕೊಂಡು ಒಬ್ಬರಿಗಾಗಿಯೇ ಕೈಯಲ್ಲಿ ಮಾಡುವ ಶುಭಾಶಯ ಪತ್ರಕ್ಕೆ ಸಾಮಾನ್ಯವಾಗಿ 250ರಿಂದ 300 ಜಿಎಸ್‌ಎಂ ತೂಕದ ದಪ್ಪ ಕಾಗದ ಬೇಕು. ಎ4 ಹಾಳೆಯನ್ನು ಅರ್ಧಕ್ಕೆ ಕತ್ತರಿಸಿ ಮಡಚಿದರೆ ಅಂಗೈಗಿಂತ ತುಸು ದೊಡ್ಡದಾದ ಕಾರ್ಡು ಸಿಗುತ್ತದೆ. ಗಿರಣಿ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಓಡುತ್ತವೆ. ಆ ದಿಕ್ಕಿಗೆ ಅಡ್ಡವಾಗಿ ಮಡಚಿದರೆ ಮಡಿಕೆಯ ಮೇಲೆ ಸಣ್ಣ ಬಿರುಕುಗಳು ಏಳುತ್ತವೆ. ಕಾರ್ಡು ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಈ ಮಡಿಕೆಯನ್ನೇ.

ಗ್ರಾಹಕರು ಗಾತ್ರ, ಬಣ್ಣ, ಒಳಗಿನ ಬರಹ, ಫೋಟೋ, ಅಲಂಕಾರ ಎಲ್ಲವನ್ನೂ ಆರಿಸಬಹುದು. ಇವುಗಳಲ್ಲಿ ಸಮಯ ಹಿಡಿಯುವುದು ಅಲಂಕಾರ. ಬರಿಯ ಕೈಬರಹದ ಕಾರ್ಡು ಒಂದೇ ದಿನದಲ್ಲಿ ಮುಗಿಯುತ್ತದೆ. ಕಾಗದದ ಪಟ್ಟಿಗಳನ್ನು ಸುರುಳಿ ಸುತ್ತಿ ಹೂವು ಮಾಡುವ ಕ್ವಿಲ್ಲಿಂಗ್ ಆದರೆ ಒಂದೊಂದು ಸುರುಳಿಯನ್ನೂ ಅಂಟಿಸಿ ಒಣಗಿಸಬೇಕು. ಮಳೆಗಾಲದಲ್ಲಿ ಅಂಟು ಒಣಗುವುದು ಇನ್ನೂ ತಡ. ಅವಸರಪಟ್ಟು ಲಕೋಟೆಗೆ ಹಾಕಿದರೆ ಹೂವು ಚಪ್ಪಟೆಯಾಗುತ್ತದೆ, ಕಾರ್ಡು ಬಾಗುತ್ತದೆ. ಉಬ್ಬಿದ ಕಾರ್ಡಿಗೆ ಲಕೋಟೆಗಿಂತ ಚಿಕ್ಕ ಡಬ್ಬಿಯೇ ಕ್ಷೇಮ.

ಹೆಚ್ಚಿನ ತಪ್ಪುಗಳು ಹೆಸರಿನಲ್ಲಿ ಆಗುತ್ತವೆ. ‘ವಿದ್ಯಾ’ ಎಂಬಲ್ಲಿ ದೀರ್ಘ ಬಿಟ್ಟುಹೋದರೆ, ಒತ್ತಕ್ಷರ ತಪ್ಪಿದರೆ ಅಂಟಿಸಿದ ಮೇಲೆ ತಿದ್ದಲಾಗದು. ಹಾಗಾಗಿ ಹೆಸರನ್ನು ಫೋನಿನಲ್ಲಿ ಹೇಳುವುದಕ್ಕಿಂತ ಕನ್ನಡದಲ್ಲೇ ಬರೆದು ಕಳಿಸಬೇಕು. ತಯಾರಕರು ಮೊದಲು ಕರಡು ಚಿತ್ರ ಕಳಿಸುತ್ತಾರೆ. ಗ್ರಾಹಕರು ಒಪ್ಪಿದ ಮೇಲಷ್ಟೇ ಕತ್ತರಿ ಹಿಡಿಯುತ್ತಾರೆ.

ಕೊನೆಯ ದಿನಾಂಕವನ್ನು ಹಿಂದಿನಿಂದ ಎಣಿಸುವುದು ವಾಡಿಕೆ. ಬೆಂಗಳೂರಿನಲ್ಲಿ ತಯಾರಾಗುವ ಕ್ವಿಲ್ಲಿಂಗ್ ಕಾರ್ಡೊಂದು ಕಲಬುರಗಿಯಲ್ಲಿ 20ರಂದು ನಡೆಯುವ ಷಷ್ಟಿಪೂರ್ತಿಗೆ ಬೇಕು ಎನ್ನೋಣ. ಎರಡು ದಿನ ಮೊದಲೇ, ಅಂದರೆ 18ಕ್ಕೆ ತಲುಪುವಂತೆ ಲೆಕ್ಕ ಹಾಕಬೇಕು. ಅಂಚೆಗೆ ಐದು ದಿನ ಬಿಟ್ಟರೆ 13ಕ್ಕೆ ಕಳಿಸಬೇಕು. 12 ಪೂರಾ ಒಣಗಿಸಿ ಕಟ್ಟುವ ದಿನ. 9ರಿಂದ 11ರವರೆಗೆ ತಯಾರಿ. 7 ಮತ್ತು 8 ಕರಡಿಗೆ. ಆರ್ಡರ್ 6ರೊಳಗೆ ಬಂದಿರಬೇಕು. ಗ್ರಾಹಕರು ಕರಡಿಗೆ ಒಪ್ಪಿಗೆ ಕೊಡಲು ಎರಡು ದಿನ ಹೆಚ್ಚು ತೆಗೆದುಕೊಂಡರೆ ಮುಂದಿನದೆಲ್ಲ ಅಷ್ಟೇ ಜರುಗುತ್ತದೆ. ಹಣ ಕಟ್ಟಿದ ದಿನಕ್ಕಿಂತ ಒಪ್ಪಿಗೆಯ ದಿನವನ್ನು ತಯಾರಕರು ಗಟ್ಟಿಯಾಗಿ ಹಿಡಿಯುವುದು ಇದಕ್ಕೇ, ಮತ್ತು ಅದು ನ್ಯಾಯವೂ ಹೌದು.

ದೀಪಾವಳಿ, ಕ್ರಿಸ್‌ಮಸ್ ಹೊತ್ತಿನಲ್ಲಿ ಈ ಲೆಕ್ಕ ಸಾಲದು. ದಿನಕ್ಕೆ ನಾಲ್ಕು ಕಾರ್ಡು ಮಾಡಬಲ್ಲ ಒಬ್ಬರ ಮುಂದೆ ನಲವತ್ತು ಆರ್ಡರ್ ಇದ್ದರೆ ಹೊಸದರ ಸರದಿ ಬರುವುದು ಹತ್ತು ದಿನಗಳ ನಂತರ. ಆದ್ದರಿಂದ ಹಬ್ಬದ ಆರ್ಡರು ಪ್ರಕಟಿಸಿದ ದಿನಾಂಕಕ್ಕಿಂತ ಮೊದಲೇ ನಿಲ್ಲಬಹುದು. ಆಮೇಲೆ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಮೊದಲೇ ಮಾಡಿಟ್ಟ ಕಾರ್ಡು. ಅದರೊಳಗೆ ಹೆಸರನ್ನಷ್ಟೇ ಕೈಯಲ್ಲಿ ಬರೆದುಕೊಡುತ್ತಾರೆ.