ಚಳಿಗಾಲದ ಜಾಹೀರಾತಿನಲ್ಲಿ ಸ್ಪರ್ಶವಾಚಕ ಪದಗಳು

ಉಣ್ಣೆಯ ಉಡುಪನ್ನಾಗಲಿ ಚರ್ಮಕ್ಕೆ ಹಚ್ಚುವ ಲೇಪವನ್ನಾಗಲಿ ಕೊಳ್ಳುವವರು ಮೊದಲು ಅದನ್ನು ಮುಟ್ಟಿ ನೋಡಲು ಬಯಸುತ್ತಾರೆ. ಪತ್ರಿಕೆಯ ಪುಟದಲ್ಲಾಗಲಿ ಮೊಬೈಲಿನ ತೆರೆಯ ಮೇಲಾಗಲಿ ಅದು ಸಾಧ್ಯವಿಲ್ಲವಾದುದರಿಂದ, ಬೆರಳು ಮಾಡಬೇಕಾದ ಕೆಲಸವನ್ನು ಅಲ್ಲಿ ಪದವೇ ಮಾಡಬೇಕಾಗುತ್ತದೆ. ಬಟ್ಟೆಯಂತಹ ವಸ್ತುಗಳನ್ನು ಮುಟ್ಟಲು ಅವಕಾಶವಿರುವೆಡೆ ಜನ ಹೆಚ್ಚಾಗಿ ಮೆಚ್ಚುತ್ತಾರೆಂದೂ, ಅವುಗಳ ಮುಖ್ಯ ಸ್ಪರ್ಶಗುಣಗಳನ್ನು ಮಾತಿನಲ್ಲಿ ವರ್ಣಿಸಿದರೆ ಮುಟ್ಟುವುದಕ್ಕೂ ಮುಟ್ಟದಿರುವುದಕ್ಕೂ ಇರುವ ಅಂತರ ಕಡಮೆಯಾಗುತ್ತದೆಂದೂ ಮೆಕೇಬ್ ಮತ್ತು ನೌಲಿಸ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ತಿಳಿದುಬಂದಿದೆ. ಕನ್ನಡದಲ್ಲಿ ಇಂತಹ ವರ್ಣನೆಗೆ ಒದಗುವ ಪದಗಳು ವಸ್ತುವಿನ ನಿಜಗುಣವನ್ನು ಎಷ್ಟರಮಟ್ಟಿಗೆ ಹೇಳುತ್ತವೆ ಎಂಬುದಷ್ಟೇ ಇಲ್ಲಿ ನಮ್ಮ ವಿಚಾರ.

'ಬಿಸಿ' ಮತ್ತು 'ಬೆಚ್ಚಗೆ' ಎಂಬ ಪದಗಳನ್ನು ಮೊದಲು ನೋಡೋಣ. ಬಿಸಿ ಎಂಬುದು ವಸ್ತುವಿನ ಗುಣ. ಬೆಚ್ಚಗಿರುವುದೆಂದರೆ ಮೈಗೆ ಹಿತವಾಗಿ ತಾಗುವ ಸ್ಥಿತಿ. ಕಾದ ಹಂಡೆಯ ನೀರು ಬಿಸಿ; ಕೂಸನ್ನು ಮೀಯಿಸಲು ಹದಮಾಡಿದ ನೀರು ಉಗುರುಬೆಚ್ಚಗೆ. ಉಣ್ಣೆಯ ವಿಷಯದಲ್ಲಿ ಈ ಭೇದವು ಪದಾರ್ಥವಿಜ್ಞಾನಕ್ಕೂ ಒಪ್ಪುತ್ತದೆ. ಉಣ್ಣೆಯು ಒಲೆಯಂತೆ ಶಾಖವನ್ನು ಕೊಡುವುದಲ್ಲ. ಅದರ ಸುರುಳಿ ಎಳೆಗಳ ನಡುವೆ ಸಿಕ್ಕಿ ನಿಂತ ಗಾಳಿಯು ಮೈಯ ಶಾಖವೇ ಹೊರಗೆ ಹೋಗದಂತೆ ತಡೆಯುತ್ತದೆ. ಆದುದರಿಂದ 'ಬೆಚ್ಚನೆಯ ಸ್ವೆಟರು' ಎಂಬ ಮಾತು ಕೇವಲ ಅಲಂಕಾರವಲ್ಲ, ಬಹುಮಟ್ಟಿಗೆ ನಿಜವಾದ ವಿವರಣೆ.

'ಮೆತ್ತನೆಯ' ಎಂಬುದನ್ನು ಇಷ್ಟು ಸುಲಭವಾಗಿ ಒಪ್ಪುವಂತಿಲ್ಲ. ಉಣ್ಣೆ ಚುಚ್ಚುವುದು ದಪ್ಪ ಎಳೆಗಳ ತುದಿಯಿಂದ. 30 ಮೈಕ್ರಾನಿಗಿಂತ ದಪ್ಪವಾದ ಎಳೆಗಳು ನೂರಕ್ಕೆ ಐದನ್ನು ಮೀರಿದರೆ ಅನೇಕರಿಗೆ ಅದರ ಕಿರಿಕಿರಿ ತಿಳಿಯುತ್ತದೆ. ಈ ಚುಚ್ಚುವಿಕೆ ಅಂಗೈಗೆ ತಿಳಿಯುವುದಿಲ್ಲ, ರೋಮವಿರುವ ಚರ್ಮಕ್ಕೆ ಮಾತ್ರ ತಿಳಿಯುತ್ತದೆ ಎಂಬುದು ಇಲ್ಲಿ ಗಮನಾರ್ಹ. ಅಂಗಡಿಯಲ್ಲಿ ಕೈಯಾಡಿಸಿ 'ಮೆತ್ತಗಿದೆ' ಎಂದು ತಂದ ಸ್ವೆಟರು ಮನೆಯಲ್ಲಿ ಕತ್ತಿಗೆ ತಾಗಿದೊಡನೆ ಸುಳ್ಳಾಗುವುದು ಹೀಗೆ. ಅದನ್ನು ಮುಂದೋಳಿಗೋ ಕತ್ತಿಗೋ ಒತ್ತಿ ನೋಡುವುದೇ ಸರಿಯಾದ ಪರೀಕ್ಷೆ. ನಮ್ಮ ಕುರುಬರು ನೇಯ್ದ ಕಂಬಳಿ ಒರಟೆಂಬುದನ್ನು ಯಾರೂ ಮರೆಮಾಚಲಿಲ್ಲ. ಅಂಗಿಯ ಮೇಲೆ ಹೊದೆಯುವ ವಸ್ತುವಿಗೆ ಮೆತ್ತಗೆಂಬ ಹೊಗಳಿಕೆ ಬೇಕಾಗಿಯೂ ಇರಲಿಲ್ಲ.

ಚರ್ಮದ ಲೇಪಗಳ ವಿಷಯ ಇದಕ್ಕಿಂತ ತೊಡಕಿನದು. ಜಾಹೀರಾತುಗಳಿಗೆ ಪ್ರಿಯವಾದ 'ತೇವಾಂಶ'ವು ಪ್ರಯೋಗಶಾಲೆಯ ಮಾತು, ಅದರಿಂದ ಮೈಗೆ ಏನೂ ಅನ್ನಿಸುವುದಿಲ್ಲ. ಬರಿಯ 'ತೇವ'ವೆಂದರೆ ಒಣಗದ ಬಟ್ಟೆಯ ನೆನಪು ಬರುತ್ತದೆ. ಬೇಸಗೆಯಲ್ಲಿ ಹಿತವೆನಿಸುವ 'ತಂಪು' ಮಾಗಿಯಲ್ಲಿ ನಡುಕ ಹುಟ್ಟಿಸುವ ಪದ. ಉಳಿಯುವುದು 'ನುಣುಪು' ಮತ್ತು 'ಜಿಡ್ಡಿಲ್ಲದ' ಎಂಬ ಎರಡು. ಇವುಗಳಲ್ಲಿ ಎರಡನೆಯದನ್ನು ಕುರಿತು ನಮಗೆ ಆಕ್ಷೇಪವಿದೆ. ಗ್ಲಿಸರಿನ್ ನೀರನ್ನು ಸೆಳೆದು ಚರ್ಮದ ಹೊರಪದರದಲ್ಲಿ ಹಿಡಿದಿಡುತ್ತದೆ, ಆದರೆ ಅಂಟುತ್ತದೆ. ಪೆಟ್ರೋಲಿಯಂ ಜೆಲ್ಲಿಯು ಮೇಲೆ ಪೊರೆಯಂತೆ ನಿಂತು ನೀರು ಆರಿಹೋಗದಂತೆ ತಡೆಯುತ್ತದೆ, ಆದರೆ ಅದು ಜಿಡ್ಡು. ಮುಖಕ್ಕೆ ಹಗುರವಾದ ಲೇಪ ಸಾಕಾಗಬಹುದು. ಒಡೆದ ಹಿಮ್ಮಡಿಗಾದರೋ ಆ ಜಿಡ್ಡೇ ಔಷಧ. ಬೆರಳಿಗೆ ಹಿತವಾದ ಪದವು ಇಲ್ಲಿ ಹಿಮ್ಮಡಿಗೆ ಬೇಕಾದುದನ್ನು ಮರೆಸುತ್ತದೆ.

ನಾವೇ ರಚಿಸಿಕೊಂಡ ಎರಡು ವಾಕ್ಯಗಳನ್ನು ಹೋಲಿಸಿ ನೋಡಬಹುದು. 'ಪೋಷಕ ತೇವಾಂಶದಿಂದ ತ್ವಚೆಗೆ ಪರಿಪೂರ್ಣ ಆರಾಮ' ಎಂಬುದು ಮೊದಲನೆಯದು. 'ಉಗುರು ತಾಗಿದರೆ ಬಿಳಿಯ ಗೆರೆ ಮೂಡುವ ಕಾಲಿಗೆ, ಮಿಂದು ಒರಸಿಕೊಂಡೊಡನೆ ಹಚ್ಚಿ; ಬಿಗಿತ ಸಡಿಲುತ್ತದೆ' ಎಂಬುದು ಎರಡನೆಯದು. ಮೊದಲನೆಯದರಲ್ಲಿ ಮುಟ್ಟಬಹುದಾದುದು ಒಂದೂ ಇಲ್ಲ. ಎರಡನೆಯದರಲ್ಲಿ ಓದುಗರು ತಮ್ಮ ಮೈಮೇಲೆಯೇ ಕಂಡ ಗೆರೆಯಿದೆ; ಒಣಗಿ ಎದ್ದ ಹೊಟ್ಟು ಬೆಳಕನ್ನು ಚೆದರಿಸುವುದರಿಂದ ಆ ಗೆರೆ ಬಿಳುಪಾಗಿ ಕಾಣುತ್ತದೆ. ಬಿಸಿನೀರು ಮತ್ತು ಸಾಬೂನು ಚರ್ಮದ ಸಹಜ ಎಣ್ಣೆಯನ್ನು ತೊಳೆದಿರುತ್ತವೆ. ಚರ್ಮ ಹೀರಿಕೊಂಡ ನೀರು ಆರುವ ಮೊದಲೇ ಲೇಪವನ್ನು ಹಚ್ಚಬೇಕೆಂಬ ಸೂಚನೆಯೂ ಆದುದರಿಂದ ಯುಕ್ತವಾದುದೇ. 'ಬಿಗಿತ' ಎಂಬ ಒಂದು ಪದವು ಮೊದಲು ಅಹಿತವನ್ನು ನೆನಪಿಗೆ ತಂದು, 'ಸಡಿಲುತ್ತದೆ' ಎಂಬುದು ಅದನ್ನು ಕಳೆಯುತ್ತದೆ.

ಉತ್ತರದೇಶದ ಚಳಿಗೆಂದು ಬರೆದ ಜಾಹೀರಾತನ್ನು ಹಾಗೆಯೇ ಕನ್ನಡಿಸುವುದರಿಂದ ಇನ್ನೊಂದು ದೋಷವುಂಟಾಗುತ್ತದೆ. ಜನವರಿಯ ದೆಹಲಿಗೆ ಮೂಳೆ ಕೊರೆಯುವ ಚಳಿಯೆಂಬುದು ಸಲ್ಲುವ ಮಾತು. ಬೆಂಗಳೂರಿನಲ್ಲಿ ಅದೇ ತಿಂಗಳ ಬೆಳಗಿನ ಉಷ್ಣತೆ ಸಾಮಾನ್ಯವಾಗಿ 15 ಅಥವಾ 16 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಮಧ್ಯಾಹ್ನಕ್ಕೆ ಸ್ವೆಟರು ಹೆಗಲಿಗೇರುತ್ತದೆ. ಇಲ್ಲಿ ಮೈಗೆ ನಿಜವಾಗಿ ತಿಳಿಯುವುದು ಮುಂಜಾವಿನ ಕುಳಿರು ಮತ್ತು ಒಣಗಾಳಿಗೆ ಒಡೆಯುವ ತುಟಿ.